ಸಂಬಳವಿಲ್ಲದ ಇಂಟರ್ನ್‌ಶಿಪ್ ಯಾರಿಗೆ ಎಟುಕುತ್ತದೆ? ಒಂದು ವಿದ್ಯಾರ್ಥಿ ಲೇಖನದ ವಾದವನ್ನು ಬಿಡಿಸಿ ನೋಡಿದಾಗ

ನಮ್ಮ ಆಫೀಸಿಗೆ ಇಂಟರ್ನ್ ಆಗಿ ಬಂದಿದ್ದ ಕಾನೂನು ವಿದ್ಯಾರ್ಥಿನಿಯೊಬ್ಬಳು ಹೋಗುವ ದಿನ ತನ್ನ ಕಾಲೇಜಿನ ವಿದ್ಯಾರ್ಥಿ ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಇಟ್ಟಳು. ಅದರಲ್ಲಿ ಎರಡು ಪುಟದ ಒಂದು ಅಭಿಪ್ರಾಯ ಲೇಖನ ಇತ್ತು. ಬರೆದದ್ದು ಅವಳ ಸಹಪಾಠಿ. ಸಂಬಳ ಕೊಡದ ಇಂಟರ್ನ್‌ಶಿಪ್ಪುಗಳು ಉಳ್ಳವರ ಮಕ್ಕಳನ್ನು ಉಳ್ಳವರಾಗಿಯೇ ಇಡುತ್ತವೆ, ಇಲ್ಲದವರ ಮಕ್ಕಳನ್ನು ಬಾಗಿಲ ಹೊರಗೇ ನಿಲ್ಲಿಸುತ್ತವೆ ಅನ್ನುವುದು ಅದರ ತಿರುಳು.

ಇಂಟರ್ನ್ ಆಗಿ ಬಂದಿದ್ದ ಹುಡುಗಿಯ ಅಮ್ಮ ಕುಂಬಳೆ ಕಡೆಯವರು, ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಮೊದಲ ದಿನ ಮಗಳನ್ನು ಬಿಡಲು ಬಂದಾಗ ಅವರು ಕೇಳಿದ ಮಾತು ನನ್ನ ತಲೆಯಲ್ಲಿ ಇನ್ನೂ ಕೂತಿದೆ. "ಮೇಡಂ, ನಾನು ಬೀಡಿ ಕಟ್ಟಲು ಕಲಿಯುವಾಗ ಮೊದಲ ವಾರ ಕಟ್ಟಿದ್ದರಲ್ಲಿ ಅರ್ಧ ತೆಗೆದು ಬಿಸಾಡಿದರು. ಆದರೆ ಉಳಿದ ಅರ್ಧಕ್ಕೆ ಲೆಕ್ಕ ಹಾಕಿ ದುಡ್ಡು ಕೊಟ್ಟರು. ಇವಳಿಗೆ ಕಲಿಯುವಾಗ ಏನೂ ಇಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನೂ ಅವಳಿಗೆ ಏನೂ ಕೊಡುವ ಯೋಚನೆ ಮಾಡಿರಲಿಲ್ಲ. ಕಾಸರಗೋಡಿನ ಕೋರ್ಟಿನಲ್ಲಿ ಇಷ್ಟು ವರ್ಷ ವಕೀಲಿಕೆ ಮಾಡಿದ ಮೇಲೆ ಇದು ಹೀಗೇ ಇರುವುದು ಅಂತ ರೂಢಿ ಆಗಿಬಿಟ್ಟಿತ್ತು. ಆ ಲೇಖನದ ವಾದ ಏನು, ಅದು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅಂತ ಬಿಡಿಸಿ ಹೇಳಲು ಇಲ್ಲಿ ನೋಡುತ್ತೇನೆ. ಈಗ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಬಂದಿದೆ.

## ಮೊದಲು ಪದಗಳನ್ನು ನೋಡೋಣ

ಇಂಟರ್ನ್‌ಶಿಪ್ ಅಂದರೆ ಓದುತ್ತಿರುವಾಗಲೇ ಒಂದು ಆಫೀಸು, ಆಸ್ಪತ್ರೆ, ಪತ್ರಿಕೆ ಅಥವಾ ಕಂಪನಿಗೆ ಹೋಗಿ ಕೆಲವು ವಾರ ಕೆಲಸ ಕಲಿಯುವುದು. ಕೊನೆಗೆ ಒಂದು ಸರ್ಟಿಫಿಕೇಟು ಸಿಗುತ್ತದೆ. ಕೊಡುವವರು ದುಡ್ಡು ಕೊಟ್ಟರೆ ಅದಕ್ಕೆ ಸ್ಟೈಪೆಂಡ್ ಅನ್ನುತ್ತಾರೆ.

ಇದಕ್ಕೆ ತುಂಬಾ ಹತ್ತಿರದ ಇನ್ನೊಂದು ಪದ ಅಪ್ರೆಂಟಿಸ್‌ಶಿಪ್. ಕೇಳಲು ಎರಡೂ ಒಂದೇ ಅನಿಸುತ್ತವೆ, ಕಾನೂನಿನಲ್ಲಿ ಮಾತ್ರ ಅಲ್ಲ. ಅಪ್ರೆಂಟಿಸ್‌ಗಳಿಗೆ 1961ರಿಂದಲೇ ಒಂದು ಕಾಯ್ದೆ ಇದೆ. ಅದರ ಕೆಳಗೆ ಒಪ್ಪಂದ ಬರೆಯಬೇಕು, ಸ್ಟೈಪೆಂಡ್ ಕೊಡಲೇಬೇಕು. 2019ರಲ್ಲಿ ನಿಯಮ ತಿದ್ದಿದಾಗ ಡಿಗ್ರಿ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ಆಯಿತು. ಇಂಟರ್ನ್ ಅನ್ನುವವರಿಗೆ ಹೀಗೆ ಕನಿಷ್ಠ ಇಷ್ಟು ಅಂತ ಹೇಳುವ ಕಾಯ್ದೆ ನಮ್ಮಲ್ಲಿ ಇಲ್ಲ. ಅಂದರೆ ಒಂದೇ ಮೇಜಿನ ಆ ಕಡೆ ಈ ಕಡೆ ಇಬ್ಬರು ಕೂತು ಒಂದೇ ಥರದ ಕೆಲಸ ಮಾಡಿದರೂ, ಯಾವ ಹೆಸರಿನಲ್ಲಿ ಸೇರಿದ್ದಾರೆ ಅನ್ನುವುದರ ಮೇಲೆ ಒಬ್ಬರಿಗೆ ದುಡ್ಡು ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ.

ಇನ್ನೊಂದು ಪದ ಕ್ರೆಡಿಟ್. ಡಿಗ್ರಿ ಮುಗಿಸಲು ಎಷ್ಟು ಓದು, ಎಷ್ಟು ಕೆಲಸ ಆಯಿತು ಅಂತ ಎಣಿಸುವ ಅಳತೆ ಅದು. ಕೇರಳದಲ್ಲಿ 2024ರ ಜುಲೈಯಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾಯಿತಲ್ಲ, ಅದರ ಜೊತೆಗೆ ನಮ್ಮ ಮಕ್ಕಳ ಬಾಯಲ್ಲಿ ಈ ಪದ ಜಾಸ್ತಿ ಕೇಳುತ್ತಿದೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಚೌಕಟ್ಟಿನಲ್ಲಿ ಡಿಗ್ರಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ಪಿಗೆ 2ರಿಂದ 4 ಕ್ರೆಡಿಟ್ ಇಟ್ಟಿದ್ದಾರೆ. ಒಂದು ಕ್ರೆಡಿಟ್ ಅಂದರೆ 30 ಗಂಟೆ ಕೆಲಸ. ಹಾಗಾಗಿ 2 ಕ್ರೆಡಿಟ್ ಬೇಕಾದರೆ 60 ಗಂಟೆ, ದಿನಕ್ಕೆ ಆರು ಗಂಟೆಯಂತೆ ಹತ್ತು ದಿನ.

ಕೊನೆಯ ಪದ ವರ್ಗ. ನಮ್ಮ ಕಡೆ ಹಿರಿಯರಿಗೆ ವರ್ಗ ಅಂದರೆ ಜಮೀನು ನೆನಪಾಗುತ್ತದೆ. ಇಲ್ಲಿ ಅದಲ್ಲ, ಜಾತಿಯೂ ಅಲ್ಲ. ಮನೆಯಲ್ಲಿ ಎಷ್ಟು ದುಡ್ಡಿದೆ, ಅಪ್ಪ ಅಮ್ಮ ಎಂಥ ಕೆಲಸದಲ್ಲಿದ್ದಾರೆ, ಅವರಿಗೆ ಯಾರ ಪರಿಚಯ ಇದೆ, ಇವೆಲ್ಲ ಸೇರಿ ಸಮಾಜದಲ್ಲಿ ಒಂದು ಮನೆಗೆ ಸಿಗುವ ಜಾಗ ಅಂತ ಅರ್ಥ.

## ಕಾನೂನು ಓದುವವರು ಬೇಡ ಅನ್ನುವ ಹಾಗಿಲ್ಲ

ಹತ್ತು ದಿನದ ಇಂಟರ್ನ್‌ಶಿಪ್ಪನ್ನು ಹೇಗಾದರೂ ಮಾಡಿ ಮುಗಿಸಬಹುದು. ಕಾನೂನು ಓದುವವರ ಕಥೆ ಬೇರೆ. ಲೇಖನ ಬರೆದ ಹುಡುಗಿಯೂ ಅದನ್ನೇ ಹಿಡಿದಿದ್ದಾಳೆ, ನನಗೂ ಗೊತ್ತಿರುವ ಕ್ಷೇತ್ರ ಅದು.

ವಕೀಲಿಕೆಗೂ ಕಾನೂನು ಓದಿಗೂ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಮೂರು ವರ್ಷದ ಎಲ್‌ಎಲ್‌ಬಿ ಓದುವವರು ಒಟ್ಟು 12 ವಾರ, ಐದು ವರ್ಷದ ಕೋರ್ಸಿನವರು ಒಟ್ಟು 20 ವಾರ ಇಂಟರ್ನ್‌ಶಿಪ್ ಮಾಡಿರಬೇಕು. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವ ಹಾಗಿಲ್ಲ. ಜೊತೆಗೆ ವಿಚಾರಣಾ ಕೋರ್ಟಿನ ವಕೀಲರ ಹತ್ತಿರವೂ, ಮೇಲ್ಮನವಿ ಕೋರ್ಟಿನ ವಕೀಲರ ಹತ್ತಿರವೂ ಓದು ಮುಗಿಯುವುದರೊಳಗೆ ಒಮ್ಮೆಯಾದರೂ ಹೋಗಿರಬೇಕು.

20 ವಾರ ಅಂದರೆ ವಾರಕ್ಕೆ ಆರು ದಿನ, ದಿನಕ್ಕೆ ಆರು ಗಂಟೆಯಂತೆ 720 ಗಂಟೆ. ಡಿಗ್ರಿಯವರ 60 ಗಂಟೆಯ ಹನ್ನೆರಡು ಪಟ್ಟು. ವಿಚಾರಣಾ ಕೋರ್ಟು ನಮಗೆ ವಿದ್ಯಾನಗರದಲ್ಲೇ ಇದೆ, ಬಸ್ಸು ಹತ್ತಿ ಬಂದರಾಯಿತು. ಆದರೆ ಹೈಕೋರ್ಟು ನೋಡಬೇಕಾದರೆ ಎರ್ನಾಕುಲಂ. ಕೇರಳದ ತೀರಾ ಬಡಗಣ ತುದಿಯಲ್ಲಿ ಕೂತಿರುವ ನಮಗೆ ಅದು ಒಂದು ರಾತ್ರಿಯ ರೈಲಿನ ದಾರಿ.

## ನಾಲ್ಕು ವಾರಕ್ಕೆ ಎಷ್ಟಾಗುತ್ತದೆ?

ಲೇಖನದ ವಾದ ನಿಂತಿರುವುದೇ ಈ ಲೆಕ್ಕದ ಮೇಲೆ. ಇಬ್ಬರು ವಿದ್ಯಾರ್ಥಿಗಳನ್ನು ಇಟ್ಟುಕೊಂಡು ನೋಡೋಣ. ಇಬ್ಬರೂ ಒಂದೇ ತರಗತಿ, ಒಂದೇ ಥರದ ಅಂಕ. ಒಬ್ಬಳ ಮನೆ ಬದಿಯಡ್ಕದ ಹತ್ತಿರ. ಇನ್ನೊಬ್ಬಳ ಮನೆ ಎರ್ನಾಕುಲಂ ಪೇಟೆಯಲ್ಲೇ. ಇಬ್ಬರಿಗೂ ಒಬ್ಬ ಹೈಕೋರ್ಟು ವಕೀಲರ ಹತ್ತಿರ ನಾಲ್ಕು ವಾರದ ಅವಕಾಶ ಸಿಕ್ಕಿದೆ ಅಂತಿಟ್ಟುಕೊಳ್ಳಿ. ಕೆಳಗಿನ ಅಂಕಿಗಳು ಹೋಗಿ ಬಂದ ಮಕ್ಕಳ ಬಾಯಿಂದ ಕೇಳಿ ನಾನು ಹಾಕಿದ ಅಂದಾಜು. ನಿಮ್ಮ ಮನೆಯ ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು.

ಬದಿಯಡ್ಕದವಳಿಗೆ ರೈಲಿಗೆ ಹೋಗಿ ಬರಲು 500 ರೂಪಾಯಿ. ಪಿಜಿಯಲ್ಲಿ ಊಟ ಸೇರಿ ತಿಂಗಳಿಗೆ 8,000. ಕೋರ್ಟಿಗೆ ದಿನಾ ಓಡಾಡಲು 80 ರೂಪಾಯಿಯಂತೆ 24 ದಿನಕ್ಕೆ 1,920. ಕಪ್ಪು ಬಿಳಿ ಬಟ್ಟೆ, ಶೂ ಅಂತ 2,000. ಜೆರಾಕ್ಸು, ಚಹಾ, ಫೋನು, ಇನ್ನೇನಾದರೂ ಅಂತ 1,500. ಒಟ್ಟು 13,920.

ಎರ್ನಾಕುಲಂನವಳಿಗೆ ರೈಲಿಲ್ಲ, ಪಿಜಿ ಇಲ್ಲ. ಬಟ್ಟೆ, ಓಡಾಟ, ಸಣ್ಣ ಖರ್ಚು ಸೇರಿ 5,420. ಊಟ ಅಮ್ಮನ ಕೈಯದ್ದು.

ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ಬದಿಯಡ್ಕದ ಹುಡುಗಿ ರಜೆಯಲ್ಲಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಿದ್ದಳು, ದಿನಕ್ಕೆ 400 ರೂಪಾಯಿ ಸಿಗುತ್ತಿತ್ತು ಅಂತಿಟ್ಟುಕೊಳ್ಳಿ. ಆ 24 ದಿನ ಅವಳು ಕೋರ್ಟಿನಲ್ಲಿದ್ದರೆ 9,600 ರೂಪಾಯಿ ಕೈ ತಪ್ಪುತ್ತದೆ. ಅದು ಮುಂದಿನ ವರ್ಷದ ಬಸ್ಸು ಪಾಸು, ಪುಸ್ತಕ, ಫೀಸು ಅಂತ ಎತ್ತಿಟ್ಟ ದುಡ್ಡು. ಯಾವ ರಶೀದಿಯಲ್ಲೂ ಕಾಣದ ಖರ್ಚು ಇದು. ಆದರೆ ಮನೆ ನಡೆಸುವವರಿಗೆ ಅದು ಮೊದಲು ಕಾಣುತ್ತದೆ. ಅದನ್ನೂ ಕೂಡಿಸಿದರೆ ಅವಳ ನಾಲ್ಕು ವಾರದ ಬೆಲೆ 23,520.

ಸಂಬಳವಿಲ್ಲದ ಇಂಟರ್ನ್‌ಶಿಪ್ "ಫ್ರೀ" ಅಂತ ಎಲ್ಲರೂ ಹೇಳುತ್ತಾರೆ. ವಾಸ್ತವದಲ್ಲಿ ಒಬ್ಬಳು ಅದಕ್ಕೆ ಐದು ಸಾವಿರ ಚಿಲ್ಲರೆ ಕೊಡುತ್ತಾಳೆ, ಇನ್ನೊಬ್ಬಳು ಅದರ ನಾಲ್ಕು ಪಟ್ಟಿಗೂ ಜಾಸ್ತಿ ಕೊಡುತ್ತಾಳೆ. ಕೊನೆಗೆ ಇಬ್ಬರ ಕೈಗೂ ಸಿಗುವುದು ಅದೇ ಒಂದು ಹಾಳೆ ಸರ್ಟಿಫಿಕೇಟು.

## ದುಡ್ಡಿನ ಜೊತೆಗೆ ಪರಿಚಯ

ದುಡ್ಡು ಹೇಗೋ ಹೊಂದಿಸಿದಳು ಅಂತಿಟ್ಟುಕೊಂಡರೂ ಅವಕಾಶ ಸಿಗುವುದು ಹೇಗೆ? ದೊಡ್ಡ ಕಾನೂನು ಸಂಸ್ಥೆಗಳಲ್ಲಿ ಅರ್ಜಿ ಹಾಕುವ ಪದ್ಧತಿ ಇದೆ. ಒಬ್ಬಂಟಿ ವಕೀಲರ ಆಫೀಸುಗಳಲ್ಲಿ ಇದು ಹೆಚ್ಚಾಗಿ ಒಂದು ಫೋನಿನಲ್ಲಿ ಆಗುವ ಕೆಲಸ. "ನಮ್ಮ ಭಾವನ ಮಗಳು, ರಜೆಯಲ್ಲಿ ನಿಮ್ಮ ಹತ್ತಿರ ಕೂರಲಿ ಅಲ್ವಾ?" ಅಂತ ಯಾರೋ ಕೇಳುತ್ತಾರೆ. "ಆಯ್ತು, ಸೋಮವಾರ ಕಳಿಸಿ" ಅನ್ನುತ್ತೇವೆ. ನಾನೂ ಹಾಗೆ ಅಂದಿದ್ದೇನೆ. ಯಾರಿಗೂ ಕೆಟ್ಟದ್ದು ಮಾಡುವ ಉದ್ದೇಶ ಅದರಲ್ಲಿ ಇರುವುದಿಲ್ಲ. ಆದರೆ ಆ ಫೋನು ಮಾಡಲು ಮನೆಯಲ್ಲಿ ಒಬ್ಬ ಭಾವ ಇರಬೇಕಲ್ಲ.

ಲೇಖನದಲ್ಲಿ ಬರುವ "ಪುನರುತ್ಪಾದನೆ" ಅನ್ನುವ ದೊಡ್ಡ ಪದದ ಅರ್ಥ ಇಲ್ಲಿದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಹೇಳಿದ್ದನ್ನು ಸರಳವಾಗಿ ಹೇಳುವುದಾದರೆ, ಮನೆಯಿಂದ ಮಕ್ಕಳಿಗೆ ಬರುವ ಬಂಡವಾಳ ದುಡ್ಡಿನದ್ದು ಮಾತ್ರ ಅಲ್ಲ. ಪರಿಚಯವೂ ಬಂಡವಾಳ. ಮಾತು, ನಡೆ, ಯಾವ ಜಾಗದಲ್ಲಿ ಹೇಗೆ ಇರಬೇಕು ಅನ್ನುವ ತಿಳಿವಳಿಕೆಯೂ ಬಂಡವಾಳ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬಹುದು. ಅಪ್ಪನ ದುಡ್ಡು ಮಗಳ ಎರ್ನಾಕುಲಂ ಪಿಜಿ ಆಗುತ್ತದೆ. ಅಲ್ಲಿ ಹೈಕೋರ್ಟು ವಕೀಲರ ಪರಿಚಯ ಆಗುತ್ತದೆ. ಆ ಪರಿಚಯ ಮುಂದೆ ಕೆಲಸ ಆಗುತ್ತದೆ. ಕೆಲಸ ಮತ್ತೆ ದುಡ್ಡಾಗುತ್ತದೆ. ಒಂದು ತಲೆಮಾರಿನ ಅನುಕೂಲ ಹೀಗೆ ರೂಪ ಬದಲಿಸಿಕೊಂಡು ಮುಂದಿನ ತಲೆಮಾರಿಗೆ ಬಂದು ಸೇರುವುದಕ್ಕೆ ಪುನರುತ್ಪಾದನೆ ಅನ್ನುತ್ತಾರೆ. ಆಸ್ತಿ ಬರೆದುಕೊಟ್ಟರೆ ರಿಜಿಸ್ಟ್ರಾರ್ ಆಫೀಸಿನಲ್ಲಿ ದಾಖಲೆ ಇರುತ್ತದೆ. ಇದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಆದ್ದರಿಂದಲೇ ಅದು ಕೊನೆಗೆ ಹುಡುಗಿಯ ಸ್ವಂತ ಪ್ರತಿಭೆಯ ಹಾಗೆ ಕಾಣುತ್ತದೆ.

ನಮಗೆ ಗೊತ್ತಿರುವ ಅಡಿಕೆ ತೋಟವನ್ನೇ ನೋಡಿ. ಸಸಿ ನೆಟ್ಟವನು ಫಸಲಿಗೆ ಐದಾರು ವರ್ಷ ಕಾಯಬೇಕು. ಅಷ್ಟು ವರ್ಷ ಗೊಬ್ಬರ, ನೀರು, ಆಳಿನ ಕೂಲಿ ಎಲ್ಲ ಕೈಯಿಂದಲೇ ಹೋಗಬೇಕು. ಅಡಿಕೆ ಬೆಳೆಯಲು ಬರುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾಯಲು ಆಗುವವರು ಕೆಲವರೇ. ಸಂಬಳವಿಲ್ಲದ ಇಂಟರ್ನ್‌ಶಿಪ್ಪೂ ಹಾಗೆಯೇ ಕಾಯುವ ತಾಕತ್ತನ್ನು ಕೇಳುತ್ತದೆ. ಮೊದಲ ಸಂದರ್ಶನದಲ್ಲಿ "ಹೈಕೋರ್ಟಿನಲ್ಲಿ ಎಷ್ಟು ವಾರ ಮಾಡಿದ್ದೀರಿ?" ಅಂತ ಕೇಳುವವರಿಗೆ ಬಯೋಡಾಟಾದ ಸಾಲು ಮಾತ್ರ ಕಾಣುತ್ತದೆ. ಆ ಸಾಲಿಗೆ ಯಾರ ಮನೆಯಿಂದ ಎಷ್ಟು ದುಡ್ಡು ಹೋಗಿದೆ ಅನ್ನುವುದು ಕಾಣುವುದಿಲ್ಲ.

## ಹಾಗಾದರೆ ಸಂಬಳ ಯಾಕೆ ಕೊಡುವುದಿಲ್ಲ?

ಇದಕ್ಕೆ ಎರಡು ಉತ್ತರ ಇವೆ, ಎರಡೂ ನಿಜ.

ಒಂದು, ಬರುವ ವಿದ್ಯಾರ್ಥಿಗೆ ಶುರುವಿನಲ್ಲಿ ಏನೂ ಗೊತ್ತಿರುವುದಿಲ್ಲ. ಕೇಸು ಕರೆಯುವಾಗ ಎಲ್ಲಿ ನಿಲ್ಲಬೇಕು, ವಕಾಲತ್ತು ಎಲ್ಲಿ ಹಾಕಬೇಕು, ನಕಲಿಗೆ ಅರ್ಜಿ ಹೇಗೆ ಬರೆಯಬೇಕು ಅಂತ ನಾವೇ ಹೇಳಿಕೊಡಬೇಕು. ನಮ್ಮ ಸಮಯ ಹೋಗುತ್ತದೆ. ಸಣ್ಣ ಊರಿನ ವಕೀಲರಿಗೆ ತಮ್ಮ ಜೂನಿಯರ್‌ಗೆ ಕೊಡುವುದೇ ಕಷ್ಟ. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಹೊಸ ಜೂನಿಯರ್ ವಕೀಲರಿಗೆ ಪೇಟೆಗಳಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಕಳಿಸಿತು. ಅದು ಸಲಹೆ ಮಾತ್ರ, ಕಡ್ಡಾಯ ಅಲ್ಲ. ಡಿಗ್ರಿ ಮುಗಿಸಿ ಸನ್ನದು ಪಡೆದವರ ಸ್ಥಿತಿಯೇ ಇದು. ಇನ್ನು ಓದುತ್ತಿರುವವರ ಮಾತು ಎಲ್ಲಿಂದ ಬರಬೇಕು.

ಎರಡನೆಯದು, ಕೇಳುವವರು ಇಲ್ಲ. 20 ವಾರ ಕಡ್ಡಾಯ ಅಂದ ಮೇಲೆ ವಿದ್ಯಾರ್ಥಿಗಳು ಬಂದೇ ಬರುತ್ತಾರೆ. ಒಬ್ಬಳು ಬೇಡ ಅಂದರೆ ಇನ್ನೊಬ್ಬಳು ಬರುತ್ತಾಳೆ. ದುಡ್ಡು ಕೊಡದೆಯೇ ಜನ ಸಿಗುವಾಗ ಕೊಡುವವರು ಕಡಿಮೆ.

ಆದರೆ "ಕಲಿಯುವವರಿಗೆ ಯಾಕೆ ಕೊಡಬೇಕು" ಅನ್ನುವ ಮಾತು ಎಲ್ಲಿಯ ತನಕ ಸರಿ? ಅಮೆರಿಕದಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಹೋಗಿತ್ತು. 2015ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ಕೋರ್ಟು ಒಂದು ಅಳತೆ ಹೇಳಿತು: ಈ ವ್ಯವಸ್ಥೆಯಿಂದ ಹೆಚ್ಚಿನ ಲಾಭ ಯಾರಿಗೆ? ವಿದ್ಯಾರ್ಥಿಗೆ ಆದರೆ ಅದು ಕಲಿಕೆ. ಸಂಸ್ಥೆಗೆ ಆದರೆ ಅದು ನೌಕರಿ, ಕೂಲಿ ಕೊಡಬೇಕು. 2018ರಲ್ಲಿ ಅಲ್ಲಿಯ ಕಾರ್ಮಿಕ ಇಲಾಖೆಯೂ ಇದೇ ಅಳತೆಯನ್ನು ಒಪ್ಪಿತು. ನಮ್ಮಲ್ಲಿ ಅದು ಕಾನೂನಲ್ಲ. ಆದರೂ ವಿಷಯ ಬಿಡಿಸಿ ನೋಡಲು ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿಲ್ಲ.

ನನ್ನ ಆಫೀಸಿನಲ್ಲೇ ಅದನ್ನು ಹಾಕಿ ನೋಡಿದೆ. ಮೊದಲ ವಾರ ಆ ಹುಡುಗಿ ಕೋರ್ಟು ಹಾಲಿನಲ್ಲಿ ಕೂತು ಬರೆದುಕೊಂಡಳು. ಅದರಿಂದ ನನಗೆ ಲಾಭ ಏನೂ ಇಲ್ಲ. ಎರಡನೇ ವಾರ ಒಂದು ಜಮೀನಿನ ಕೇಸು ಬಂತು. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತಲ್ಲ, ಆ ಕಾಲದ ದಾಖಲೆಗಳು ಬಹಳಷ್ಟು ಕನ್ನಡದಲ್ಲಿವೆ. ಕಕ್ಷಿದಾರರು ತಂದದ್ದು ಹಳೆಯ ಮೂಲಗೇಣಿ ಪತ್ರ, ಅಂದರೆ ಶಾಶ್ವತ ಗೇಣಿಯ ಕರಾರು. ಮಡಿಕೆಯಲ್ಲಿ ಹರಿದಿದೆ, ಮಸಿ ಕಂದಿದೆ, ಒಂದಕ್ಕೊಂದು ತಾಗಿಸಿ ಬರೆದ ಅಕ್ಷರ. ನನ್ನ ಗುಮಾಸ್ತರಿಗೆ ಮಲಯಾಳ ಬರುತ್ತದೆ, ಈ ಕನ್ನಡ ಓದಲು ಬರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಈ ಹುಡುಗಿ ಭೂತಕನ್ನಡಿ ಹಿಡಿದು, ಒಂದೊಂದು ಪದಕ್ಕೆ ಬೆರಳಿಟ್ಟು, ಮೂರು ದಿನದಲ್ಲಿ ಏಳು ಪುಟ ಓದಿ ಇಂಗ್ಲಿಷಿಗೆ ಬರೆದುಕೊಟ್ಟಳು. ಅನುಮಾನ ಇದ್ದ ಕಡೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದಳು. ನಾನು ಎರಡು ಕಡೆ ತಿದ್ದಿದೆ, ಅಷ್ಟೇ. ಆ ಅನುವಾದಕ್ಕೆ ಕಕ್ಷಿದಾರರಿಂದ ನಾನು ದುಡ್ಡು ತೆಗೆದುಕೊಂಡಿದ್ದೇನೆ.

ಮೊದಲ ವಾರ ಕಲಿಕೆ. ಆ ಮೂರು ದಿನ ಕೆಲಸ. ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರಿಂದ ನನಗೆ ವ್ಯತ್ಯಾಸ ಕಂಡಿರಲಿಲ್ಲ.

## ಲೇಖನ ಎಲ್ಲಿ ಸಡಿಲ

ಆ ವಿದ್ಯಾರ್ಥಿನಿ "ಸಂಬಳವಿಲ್ಲದ ಎಲ್ಲ ಇಂಟರ್ನ್‌ಶಿಪ್ ನಿಲ್ಲಿಸಿ" ಅಂತ ಮುಗಿಸಿದ್ದಾಳೆ. ಇಲ್ಲಿ ಎರಡು ತೊಡಕು ಇವೆ.

ಕಡ್ಡಾಯ ಸ್ಟೈಪೆಂಡ್ ಅಂದ ಕೂಡಲೇ ಕಾಸರಗೋಡಿನಂಥ ಊರಿನ ಸಣ್ಣ ಆಫೀಸುಗಳು "ಹಾಗಾದರೆ ಇಂಟರ್ನ್ ಬೇಡ" ಅನ್ನಬಹುದು. ದುಡ್ಡು ಕೊಡಬಲ್ಲ ಆಫೀಸುಗಳು ದೊಡ್ಡ ಪೇಟೆಗಳಲ್ಲಿವೆ. ಆಗ ನಮ್ಮ ಮಕ್ಕಳಿಗೆ ಮನೆಯಿಂದ ಹೋಗಿ ಬರುವ ಅವಕಾಶವೂ ಕೈತಪ್ಪುತ್ತದೆ. ಬಾರ್ ಕೌನ್ಸಿಲಿನ 20 ವಾರದ ನಿಯಮ ಹಾಗೇ ಇದ್ದು ಜಾಗಗಳು ಮಾತ್ರ ಕಡಿಮೆಯಾದರೆ ಪರಿಚಯದ ಬೆಲೆ ಇನ್ನೂ ಏರುತ್ತದೆ.

ಇನ್ನೊಂದು, ಎಲ್ಲ ಇಂಟರ್ನ್‌ಶಿಪ್ಪೂ ಒಂದೇ ತೂಕದ್ದಲ್ಲ. ಮನೆಯ ಹತ್ತಿರ ಹತ್ತು ದಿನ ಹೋಗಿ ಬರುವುದಕ್ಕೂ ದೂರದ ಪೇಟೆಯಲ್ಲಿ ತಿಂಗಳುಗಟ್ಟಲೆ ಇರುವುದಕ್ಕೂ ತುಂಬಾ ಅಂತರ ಇದೆ. ದೂರ ಜಾಸ್ತಿಯಾದ ಹಾಗೆ, ವಾರಗಳು ಜಾಸ್ತಿಯಾದ ಹಾಗೆ ಅವಳ ವಾದ ಗಟ್ಟಿಯಾಗುತ್ತದೆ. 60 ಗಂಟೆಗೆ ಅದು ಅಷ್ಟು ಬಲವಾಗಿ ಹೊಂದುವುದಿಲ್ಲ.

ಆದರೆ "ಕೊಡಲು ಆಗುವುದಿಲ್ಲ" ಅನ್ನುವ ಮಾತನ್ನು ಎಲ್ಲರ ಬಾಯಿಂದಲೂ ನಂಬಬೇಕಿಲ್ಲ. ಅಮೆರಿಕದ ಶ್ವೇತಭವನವೇ ಬಹಳ ವರ್ಷ ತನ್ನ ಇಂಟರ್ನ್‌ಗಳಿಗೆ ಏನೂ ಕೊಡುತ್ತಿರಲಿಲ್ಲ, ಕೊಡಲು ಶುರು ಮಾಡಿದ್ದು 2022ರಲ್ಲಿ. 2015ರಲ್ಲಿ ಜಿನೀವಾದ ವಿಶ್ವಸಂಸ್ಥೆಯಲ್ಲಿ ಸಂಬಳವಿಲ್ಲದೆ ಇಂಟರ್ನ್ ಆಗಿದ್ದ ನ್ಯೂಜಿಲೆಂಡಿನ 22 ವರ್ಷದ ಯುವಕನೊಬ್ಬ ಟೆಂಟಿನಲ್ಲಿ ಇದ್ದದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಅಷ್ಟು ದೊಡ್ಡ ಸಂಸ್ಥೆಗಳಿಗೆ ನನ್ನಂಥ ಸಣ್ಣ ಆಫೀಸಿನ ಕಷ್ಟ ಇರಲಿಲ್ಲ.

## ಸರಕಾರದ ಯೋಜನೆ ಇದೆಯಲ್ಲ?

ಇದೆ, ಆದರೆ ಶುರುವಾದಾಗ ಅದು ಓದುತ್ತಿರುವ ಮಕ್ಕಳಿಗೆ ಆಗಿರಲಿಲ್ಲ. 2024ರ ಬಜೆಟ್ಟಿನಲ್ಲಿ ಹೇಳಿ ಅಕ್ಟೋಬರಿನಲ್ಲಿ ಪ್ರಯೋಗವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿ, ಜೊತೆಗೆ ಒಮ್ಮೆ 6,000 ರೂಪಾಯಿ ಅಂತ ಇಟ್ಟರು. ಆಗ ವಯಸ್ಸು 21ರಿಂದ 24, ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗೆ ಇರಬೇಕಿತ್ತು. ಆದರೆ ಪೂರ್ಣಾವಧಿ ಓದುತ್ತಿರುವವರು ಅರ್ಜಿ ಹಾಕುವ ಹಾಗಿರಲಿಲ್ಲ. ನಮ್ಮ ಬದಿಯಡ್ಕದ ಹುಡುಗಿಯಂಥವರಿಗೆ ದುಡ್ಡು ಬೇಕಾಗುವುದೇ ಓದುವಾಗ. ಡಿಗ್ರಿ ಮುಗಿದ ಮೇಲೆ ಅಪ್ರೆಂಟಿಸ್ ಆಗಿ ಸೇರುವ ದಾರಿ ಕೆಲವು ಕ್ಷೇತ್ರಗಳಲ್ಲಿ ಇದೆ. ಅಲ್ಲಿ ಮೇಲೆ ಹೇಳಿದ 1961ರ ಕಾಯ್ದೆಯ ರಕ್ಷಣೆ ಸಿಗುತ್ತದೆ.

## ಸೇರುವ ಮೊದಲು ಕೇಳಿ ನೋಡಬೇಕಾದದ್ದು

ಮಗ ಮಗಳು ಇಂಟರ್ನ್‌ಶಿಪ್ ಅಂದಾಗ ಮೊದಲು ಬರವಣಿಗೆಯಲ್ಲಿ ಏನಿದೆ ಅಂತ ನೋಡಿ. ಎಷ್ಟು ವಾರ, ದಿನಕ್ಕೆ ಎಷ್ಟು ಗಂಟೆ, ಯಾರು ಕಲಿಸುತ್ತಾರೆ, ಏನು ಕಲಿಸುತ್ತಾರೆ. ಕಲಿಸುವವರ ಹೆಸರೇ ಇಲ್ಲದೆ ಬರೀ "ಕೆಲಸದ ಪಟ್ಟಿ" ಇದ್ದರೆ ಅಲ್ಲಿ ಆಳು ಬೇಕಾಗಿದೆ ಅಂತ ಅರ್ಥ. ಸೇರಲು ನೀವೇ ದುಡ್ಡು ಕಟ್ಟಿ ಅಂತ ಕೇಳಿದರೆ ಅಲ್ಲಿಗೆ ಹೋಗಲೇಬೇಡಿ.

ಸ್ಟೈಪೆಂಡ್ ಇಲ್ಲ ಅಂದರೂ ಬಸ್ಸು ಖರ್ಚು, ಮಧ್ಯಾಹ್ನದ ಊಟ ಕೇಳಬಹುದು. ಕೇಳಿದರೆ ತಪ್ಪು ತಿಳಿಯುತ್ತಾರೆ ಅಂತ ನಮ್ಮ ಕಡೆಯ ಮಕ್ಕಳಿಗೆ ಭಯ. ಎಷ್ಟೋ ಸಲ ಕೊಡುವವರಿಗೆ ಆ ಯೋಚನೆಯೇ ಬಂದಿರುವುದಿಲ್ಲ. ಕಾನೂನು ಓದುವವರು ಹೆಚ್ಚಿನ ವಾರಗಳನ್ನು ಊರಿನ ಕೋರ್ಟಿನಲ್ಲೇ ಮುಗಿಸಿ, ಎರ್ನಾಕುಲಂಗೆ ಒಂದೇ ಸಲ ಹೋಗುವ ಹಾಗೆ ಐದು ವರ್ಷದ್ದನ್ನು ಮೊದಲೇ ಹಂಚಿಕೊಂಡರೆ ಖರ್ಚು ಬಹಳ ಇಳಿಯುತ್ತದೆ. ಮೂರನೇ ವರ್ಷದ ತನಕ ಸುಮ್ನೆ ಕೂತು ಆಮೇಲೆ ಓಡುವವರಿಗೆ ಈ ಆಯ್ಕೆ ಉಳಿಯುವುದಿಲ್ಲ.

ಆ ಪತ್ರಿಕೆ ಓದಿ ಮುಗಿಸಿದ ಮೇಲೆ ನಾನು ಹುಡುಗಿಗೆ ಫೋನು ಮಾಡಿದೆ. ಏಳು ಪುಟದ ಅನುವಾದಕ್ಕೆ ಪುಟಕ್ಕೆ 200ರಂತೆ 1,400 ರೂಪಾಯಿ, ಬಸ್ಸು ಖರ್ಚು ಬೇರೆ. ದುಡ್ಡು ತೆಗೆದುಕೊಳ್ಳಲು ಅವಳ ಜೊತೆ ಅಮ್ಮನೂ ಬಂದಿದ್ದರು. ಅವರು ಲೆಕ್ಕ ಬರೆದ ಚೀಟಿಯನ್ನು ಕೈಗೆ ತೆಗೆದುಕೊಂಡು ನೋಡಿ ಕೇಳಿದರು. "ಎರಡು ಕಡೆ ತಪ್ಪಿತ್ತಂತಲ್ಲ ಮೇಡಂ, ಅದನ್ನು ಕಳೆದಿದ್ದೀರಾ?" ಕಳೆದಿಲ್ಲ ಅಂದೆ.